ತಪ್ಪಿಸಿಕೊಂಡವರು ಎಷ್ಟು, ತಪ್ಪಾಗಿ ಸಿಕ್ಕವರು ಎಷ್ಟು?

ದೊಡ್ಡದೊಂದು ರಾಶಿಯಲ್ಲಿ ಬೇಕಾದದ್ದು ಕೆಲವೇ ಇದ್ದು, ಬೇಡವಾದದ್ದು ಬಹಳ ಇದ್ದಾಗ, ಹುಡುಕಾಟ ಎಷ್ಟು ಚೆನ್ನಾಗಿ ನಡೆಯಿತು ಎಂದು ಅಳೆಯಲು ಎರಡು ಪ್ರಶ್ನೆ ಕೇಳಬೇಕಾಗುತ್ತದೆ. ರಾಶಿಯಲ್ಲಿ ಇದ್ದ ಬೇಕಾದವುಗಳಲ್ಲಿ ಎಷ್ಟು ಕೈಗೆ ಸಿಕ್ಕವು ಎಂಬುದು ಮೊದಲನೆಯದು. ಕೈಗೆ ಸಿಕ್ಕವುಗಳಲ್ಲಿ ನಿಜವಾಗಿ ಬೇಕಾದವು ಎಷ್ಟು ಎಂಬುದು ಎರಡನೆಯದು. ಮೊದಲ ಪ್ರಶ್ನೆಯ ಉತ್ತರಕ್ಕೆ ರಿಕಾಲ್ ಎಂದೂ ಎರಡನೆಯದರ ಉತ್ತರಕ್ಕೆ ಪ್ರಿಸಿಷನ್ ಎಂದೂ ಹೆಸರು. ಈ ಎರಡನ್ನೂ ಸೇರಿಸಿ ಒಂದೇ ಅಂಕಿಯಾಗಿ ಹೇಳುವುದು ಎಫ್-ಸ್ಕೋರ್.

ಈ ಅಳತೆಗಳು ಹುಟ್ಟಿದ್ದು ಆಸ್ಪತ್ರೆಯಲ್ಲೂ ಅಲ್ಲ, ಇಮೇಲ್ ಕಂಪನಿಯಲ್ಲೂ ಅಲ್ಲ, ಗ್ರಂಥಾಲಯದಲ್ಲಿ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿದ್ದ ವಿಮಾನಯಾನ ಕಾಲೇಜಿನ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್ 1950ರ ದಶಕದ ಕೊನೆಯಿಂದ 1960ರ ದಶಕದವರೆಗೆ ಒಂದು ಪ್ರಯೋಗಮಾಲೆ ನಡೆಸಿದರು. ವೈಜ್ಞಾನಿಕ ಲೇಖನಗಳಿಗೆ ಸೂಚಿ ತಯಾರಿಸುವ ಬೇರೆಬೇರೆ ಕ್ರಮಗಳಲ್ಲಿ ಯಾವುದು ಒಳ್ಳೆಯದು ಎಂಬುದು ಅವರ ಪ್ರಶ್ನೆ. ಆ ಪ್ರಯೋಗಗಳಿಂದ ಉಳಿದುಬಂದ 1,400 ಲೇಖನಗಳ ಸಂಗ್ರಹವನ್ನು ಹುಡುಕಾಟ ತಂತ್ರಾಂಶಗಳ ಪರೀಕ್ಷೆಗೆ ಬಹಳ ಕಾಲ ಬಳಸಿದರು. ಕ್ಲೆವರ್ಡನ್ ಕಂಡುಕೊಂಡ ಮುಖ್ಯ ಸಂಗತಿ ಇಂದಿಗೂ ಬದಲಾಗಿಲ್ಲ: ಹೆಚ್ಚು ಲೇಖನ ಸಿಗಲಿ ಎಂದು ಹುಡುಕಾಟವನ್ನು ಸಡಿಲಿಸಿದರೆ ಸಂಬಂಧವಿಲ್ಲದವೂ ಜೊತೆಗೆ ಬರುತ್ತವೆ, ಅವು ಬೇಡವೆಂದು ಬಿಗಿ ಮಾಡಿದರೆ ಬೇಕಾದವೂ ಕೆಲವು ತಪ್ಪಿಹೋಗುತ್ತವೆ. ಒಂದನ್ನು ಏರಿಸಲು ಹೊರಟರೆ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತದೆ.

ಇಷ್ಟಕ್ಕೆಲ್ಲ ಎರಡು ಅಳತೆ ಯಾಕೆ, ನೂರಕ್ಕೆ ಎಷ್ಟು ಉತ್ತರ ಸರಿ ಎಂದು ಎಣಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಭಾರತದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಒಂದು ಲಕ್ಷ ಜನರಲ್ಲಿ 316 ಮಂದಿಗೆ ಶ್ವಾಸಕೋಶದ ಕ್ಷಯ ಇತ್ತು. ಲೆಕ್ಕ ಸುಲಭವಾಗಲಿ ಎಂದು ಅದನ್ನು 300 ಎಂದು ಇಟ್ಟುಕೊಳ್ಳೋಣ. ಈಗ ಯಾರನ್ನೂ ಪರೀಕ್ಷಿಸದೆ, ಎದುರು ಬಂದವರಿಗೆಲ್ಲ ‘ನಿಮಗೇನೂ ಇಲ್ಲ, ಹೋಗಿ’ ಎಂದು ಹೇಳುವ ವೈದ್ಯನೊಬ್ಬನಿದ್ದರೆ ಅವನ ಮಾತು 99,700 ಜನರ ವಿಷಯದಲ್ಲಿ ನಿಜವಾಗುತ್ತದೆ. ಅಂದರೆ ಶೇ. 99.7ರಷ್ಟು ಸರಿ. ಒಬ್ಬ ರೋಗಿಯನ್ನೂ ಹಿಡಿಯದೆ ಇಷ್ಟು ಅಂಕ ಬರುವ ಅಳತೆಯನ್ನು ನಂಬಿ ತಪಾಸಣೆ ನಡೆಸಲಾಗದು. ರಿಕಾಲ್ ಈ ವೈದ್ಯನ ಬಣ್ಣವನ್ನು ಕೂಡಲೇ ಬಯಲು ಮಾಡುತ್ತದೆ: 300 ರೋಗಿಗಳಲ್ಲಿ ಸಿಕ್ಕವರು ಸೊನ್ನೆ, ಆದ್ದರಿಂದ ರಿಕಾಲ್ ಸೊನ್ನೆ.

ಇದಕ್ಕೆ ತದ್ವಿರುದ್ಧವಾಗಿ ಎದುರು ಬಂದ ಲಕ್ಷ ಜನಕ್ಕೂ ‘ನಿಮಗೆ ಕ್ಷಯ ಇದೆ’ ಎನ್ನುವ ವೈದ್ಯನ ರಿಕಾಲ್ ಶೇ. 100. ಒಬ್ಬ ರೋಗಿಯೂ ಅವನ ಕೈ ತಪ್ಪಿಲ್ಲ. ಅವನ ಪ್ರಿಸಿಷನ್ ಮಾತ್ರ ಶೇ. 0.3. ಒಂದೇ ಅಳತೆಯನ್ನು ಹಿಡಿದರೆ ಮೋಸ ಸುಲಭ. ಎರಡನ್ನೂ ಜೊತೆಗಿಟ್ಟು ನೋಡಿದರೆ ಕಷ್ಟ.

ಇನ್ನು ನಿಜವಾದ ತಪಾಸಣೆಯ ಕಡೆಗೆ ಬರೋಣ. ಕ್ಷಯ ತಪಾಸಣೆಗೆ ಈಗ ಹಳ್ಳಿಗಳಿಗೂ ಕೈಯಲ್ಲಿ ಒಯ್ಯಬಹುದಾದ ಎಕ್ಸ್‌ರೇ ಯಂತ್ರಗಳು ಹೋಗುತ್ತಿವೆ. ಎದೆಯ ಚಿತ್ರವನ್ನು ತಂತ್ರಾಂಶವೊಂದು ಓದಿ, ಕ್ಷಯದ ಗುರುತು ಎಷ್ಟರಮಟ್ಟಿಗೆ ಕಾಣುತ್ತಿದೆ ಎಂದು ಒಂದು ಅಂಕ ಕೊಡುತ್ತದೆ. 15 ವರ್ಷ ದಾಟಿದವರ ವಿಷಯದಲ್ಲಿ ಮನುಷ್ಯರ ಬದಲಿಗೆ ಇಂಥ ತಂತ್ರಾಂಶ ಚಿತ್ರ ಓದಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. ತಂತ್ರಾಂಶ ಕೊಡುವುದು ಅಂಕ ಮಾತ್ರ; ‘ರೋಗ ಇದೆ’, ‘ಇಲ್ಲ’ ಎಂದು ಅದು ತೀರ್ಪು ಹೇಳುವುದಿಲ್ಲ. ಯಾವ ಅಂಕದಿಂದ ಮೇಲಿದ್ದವರ ಕಫವನ್ನು ಪರೀಕ್ಷೆಗೆ ಕಳಿಸಬೇಕು ಎಂಬ ಗೆರೆಯನ್ನು ಕಾರ್ಯಕ್ರಮ ನಡೆಸುವವರು ಎಳೆಯಬೇಕು. ಎಲ್ಲ ಊರಿಗೂ ಒಂದೇ ಗೆರೆ ಹೊಂದುವುದಿಲ್ಲ, ಆಯಾ ಪ್ರದೇಶದಲ್ಲಿ ಪರೀಕ್ಷಿಸಿ ನಿರ್ಧರಿಸಬೇಕು ಎಂಬುದೇ ಸಂಸ್ಥೆಯ ಸಲಹೆ. ಪ್ರಿಸಿಷನ್ ಮತ್ತು ರಿಕಾಲ್ ನಡುವಿನ ಆಯ್ಕೆ ನಡೆಯುವುದು ಈ ಗೆರೆಯ ಮೇಲೆ.

ಒಂದು ಲಕ್ಷ ವಯಸ್ಕರಿರುವ ತಾಲ್ಲೂಕು, ಅವರಲ್ಲಿ 300 ರೋಗಿಗಳು ಎಂದುಕೊಂಡು ಮೂರು ಬಗೆಯ ಗೆರೆ ಎಳೆದು ನೋಡಬಹುದು. ಮುಂದಿನ ಅಂಕಿಗಳು ಲೆಕ್ಕ ತೋರಿಸಲೆಂದು ಇಟ್ಟುಕೊಂಡವು, ಯಾವುದೇ ಒಂದು ತಂತ್ರಾಂಶದವಲ್ಲ.

ಗೆರೆ ಕೆಳಗಿದೆ ಎಂದುಕೊಳ್ಳಿ. ಸ್ವಲ್ಪ ಸಂಶಯ ಬಂದರೂ ಕಫ ಪರೀಕ್ಷೆಗೆ ಕಳಿಸುತ್ತಾರೆ. ಆಗ ನೂರರಲ್ಲಿ 90 ರೋಗಿಗಳು ಸಿಗುತ್ತಾರೆ, ಅಂದರೆ 270 ಮಂದಿ. 30 ಮಂದಿ ತಪ್ಪಿಹೋಗುತ್ತಾರೆ. ಆದರೆ ಆರೋಗ್ಯವಂತರಲ್ಲೂ ನೂರಕ್ಕೆ ಹತ್ತು ಜನರ ಚಿತ್ರ ಗೆರೆ ದಾಟುತ್ತದೆ. ಹಳೆಯ ಗಾಯದ ಕಲೆ, ಬೀಡಿ ಸೇದಿದ ಶ್ವಾಸಕೋಶ, ವಾಸಿಯಾಗುತ್ತಿರುವ ನ್ಯುಮೋನಿಯಾ, ಇವೆಲ್ಲ ತಂತ್ರಾಂಶದ ಕಣ್ಣಿಗೆ ಕ್ಷಯದಂತೆ ಕಾಣಬಹುದು. ಆರೋಗ್ಯವಂತರು 99,700 ಇರುವುದರಿಂದ ಅವರ ಹತ್ತನೇ ಒಂದು ಪಾಲೆಂದರೆ 9,970. ಒಟ್ಟು 10,240 ಜನ ಕಫದ ಡಬ್ಬಿ ಹಿಡಿದು ನಿಲ್ಲುತ್ತಾರೆ, ಅವರಲ್ಲಿ ರೋಗಿಗಳು 270. ರಿಕಾಲ್ ಶೇ. 90, ಪ್ರಿಸಿಷನ್ ಶೇ. 2.6.

ಗೆರೆಯನ್ನು ಸ್ವಲ್ಪ ಮೇಲಕ್ಕೆ ಒಯ್ದರೆ 210 ರೋಗಿಗಳು ಸಿಕ್ಕು 90 ಮಂದಿ ತಪ್ಪಿಹೋಗುತ್ತಾರೆ. ಆರೋಗ್ಯವಂತರಲ್ಲಿ ನೂರಕ್ಕೆ ಇಬ್ಬರು ಮಾತ್ರ ತಪ್ಪಾಗಿ ಸಿಕ್ಕಿಬೀಳುತ್ತಾರೆ, ಅಂದರೆ 1,994. ರಿಕಾಲ್ ಶೇ. 70, ಪ್ರಿಸಿಷನ್ ಶೇ. 9.5. ಇನ್ನೂ ಮೇಲಕ್ಕೆ ಒಯ್ದು, ರೋಗ ಎದ್ದು ಕಾಣುವ ಚಿತ್ರಗಳನ್ನಷ್ಟೇ ಆರಿಸಿದರೆ 120 ರೋಗಿಗಳು ಸಿಗುತ್ತಾರೆ, ಸುಮಾರು 200 ಆರೋಗ್ಯವಂತರು ತಪ್ಪಾಗಿ ಬರುತ್ತಾರೆ. ರಿಕಾಲ್ ಶೇ. 40, ಪ್ರಿಸಿಷನ್ ಶೇ. 37.5. ಯಂತ್ರ ಅದೇ, ಜನರೂ ಅವರೇ. ಗೆರೆ ಮಾತ್ರ ಬೇರೆ.

ಮೂರರಲ್ಲಿ ಯಾವುದು ಒಳ್ಳೆಯದು? ಇಲ್ಲಿ ಎಫ್-ಸ್ಕೋರ್ ಸಹಾಯಕ್ಕೆ ಬರಬೇಕು. ಅದರ ಸೂತ್ರ ಹೀಗಿದೆ. P ಎಂದರೆ ಪ್ರಿಸಿಷನ್, R ಎಂದರೆ ರಿಕಾಲ್:

```
F = 2 × P × R / (P + R)
```

ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸುವ ಸಾಮಾನ್ಯ ಸರಾಸರಿಯನ್ನು ಬಿಟ್ಟು ಈ ಸುತ್ತುಬಳಸಿನ ಸೂತ್ರವನ್ನು ಹಿಡಿಯಲು ಕಾರಣವಿದೆ. ಎಲ್ಲರಿಗೂ ‘ರೋಗ ಇದೆ’ ಎನ್ನುವ ವೈದ್ಯನ ರಿಕಾಲ್ 100, ಪ್ರಿಸಿಷನ್ 0.3, ಸಾಮಾನ್ಯ ಸರಾಸರಿ ಹಾಕಿದರೆ ಅವನಿಗೆ ನೂರಕ್ಕೆ 50 ಅಂಕ ಬಂದು ಪಾಸಾಗಿಬಿಡುತ್ತಾನೆ. ಈ ಸೂತ್ರದಲ್ಲಿ ಅವನಿಗೆ ಬರುವುದು ಶೇ. 0.6. ಎರಡರಲ್ಲಿ ಯಾವುದು ಕಡಿಮೆಯೋ ಅದರ ಕಡೆಗೇ ಈ ಸರಾಸರಿ ವಾಲುತ್ತದೆ. ಒಂದರಲ್ಲಿ ಗಳಿಸಿ ಇನ್ನೊಂದರ ಕೊರತೆ ಮುಚ್ಚಿಕೊಳ್ಳಲು ಇಲ್ಲಿ ಅವಕಾಶವಿಲ್ಲ.

ಈ ಸೂತ್ರದಿಂದ ಮೂರು ಗೆರೆಗಳನ್ನು ಅಳೆದರೆ ಕೆಳಗಿನ ಗೆರೆಗೆ ಶೇ. 5, ನಡುವಿನದಕ್ಕೆ ಶೇ. 17, ಮೇಲಿನದಕ್ಕೆ ಶೇ. 39 ಬರುತ್ತದೆ. ಅಂದರೆ ಎಫ್-ಸ್ಕೋರ್ ಮೆಚ್ಚುವುದು 300 ರೋಗಿಗಳಲ್ಲಿ 180 ಮಂದಿಯನ್ನು ಬಿಟ್ಟುಬಿಡುವ ಗೆರೆಯನ್ನು. ಹಾಗೆ ಬಿಟ್ಟುಹೋದವರು ಮನೆಯಲ್ಲಿ, ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ಕೆಮ್ಮುತ್ತ ರೋಗ ಹರಡುತ್ತಾರೆ ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ತಪ್ಪಿಹೋದ ಒಬ್ಬ ರೋಗಿಯೂ ಅನವಶ್ಯಕವಾಗಿ ಕಫ ಕೊಟ್ಟ ಒಬ್ಬ ಆರೋಗ್ಯವಂತನೂ ಸರಿಸಮ. ಆ ಸಮತೆಯನ್ನು ಯಾರೂ ಯೋಚಿಸಿ ಇಟ್ಟದ್ದಲ್ಲ. ಸೂತ್ರದೊಳಗೇ ಅಡಗಿ ಕುಳಿತಿದೆ.

ಈ ತೊಡಕಿಗೆ ಪರಿಹಾರವೂ ಆ ಸೂತ್ರದ ಮೂಲದಲ್ಲೇ ಇತ್ತು. ಕೀತ್ ವಾನ್ ರೈಸ್‌ಬರ್ಗನ್ ಎಂಬ ಕಂಪ್ಯೂಟರ್ ವಿಜ್ಞಾನಿ 1979ರ ತಮ್ಮ ಪುಸ್ತಕದಲ್ಲಿ ಈ ಅಳತೆಯ ಮೂಲರೂಪವನ್ನು ಕೊಟ್ಟಾಗ, ಪ್ರಿಸಿಷನ್‌ಗಿಂತ ರಿಕಾಲ್ ಎಷ್ಟು ಪಟ್ಟು ಮುಖ್ಯ ಎಂದು ಬಳಸುವವರೇ ತೀರ್ಮಾನಿಸುವಂತೆ ಅದರಲ್ಲಿ ಬೀಟಾ ಎಂಬ ಒಂದು ಸಂಖ್ಯೆಯನ್ನು ಇಟ್ಟಿದ್ದರು. ಬೀಟಾ 1 ಆದರೆ ಎರಡಕ್ಕೂ ಸಮ ತೂಕ. ಜನ ಬರಿದೇ ಎಫ್-ಸ್ಕೋರ್ ಎನ್ನುವುದು ಇದನ್ನೇ. ಬೀಟಾ 1ಕ್ಕಿಂತ ದೊಡ್ಡದಾದರೆ ರಿಕಾಲ್ ಕಡೆಗೆ ತೂಕ, ಚಿಕ್ಕದಾದರೆ ಪ್ರಿಸಿಷನ್ ಕಡೆಗೆ. ತಲೆಗಳ ಎಣಿಕೆಯಲ್ಲಿ ಬರೆದರೆ ಅದರ ಒಳಗುಟ್ಟು ಸ್ಪಷ್ಟವಾಗುತ್ತದೆ. ಕೆಳಗೆ TP ಎಂದರೆ ಸರಿಯಾಗಿ ಸಿಕ್ಕವರು, FN ಎಂದರೆ ತಪ್ಪಿಹೋದವರು, FP ಎಂದರೆ ತಪ್ಪಾಗಿ ಸಿಕ್ಕವರು:

```
Fβ = (1 + β²)·TP / ((1 + β²)·TP + β²·FN + FP)
```

ತಪ್ಪಿಹೋದ ಒಬ್ಬ ರೋಗಿ ಎಂದರೆ ತಪ್ಪಾಗಿ ಸಿಕ್ಕ ಬೀಟಾದ ವರ್ಗದಷ್ಟು ಜನಕ್ಕೆ ಸಮ ಎಂದು ಈ ಸಾಲು ಹೇಳುತ್ತದೆ. ಬೀಟಾ 2 ಎಂದರೆ ಒಬ್ಬನಿಗೆ ನಾಲ್ಕು ಜನ. ರೋಗ ತಪಾಸಣೆಗೆ ಬೀಟಾ 2 ಬಳಸಿ ಎಂಬ ಸಲಹೆ ಪಠ್ಯಪುಸ್ತಕಗಳಲ್ಲಿ ಸಾಮಾನ್ಯ. ಆದರೆ ನಮ್ಮ ತಾಲ್ಲೂಕಿಗೆ ಅದನ್ನು ಹಾಕಿ ನೋಡಿದರೆ ಮೂರು ಗೆರೆಗಳಿಗೆ ಬರುವುದು ಶೇ. 12, 31 ಮತ್ತು 39. ಮೇಲಿನ ಗೆರೆಯೇ ಮತ್ತೆ ಗೆಲ್ಲುತ್ತದೆ. ರೋಗ ಇಷ್ಟು ವಿರಳವಾಗಿರುವಾಗ ನಾಲ್ಕರ ತೂಕ ಯಾತಕ್ಕೂ ಸಾಲದು. ಬೀಟಾ 10 ಇಟ್ಟರೆ, ಅಂದರೆ ಒಬ್ಬ ರೋಗಿ ತಪ್ಪುವುದು ನೂರು ಅನವಶ್ಯಕ ಪರೀಕ್ಷೆಗೆ ಸಮ ಎಂದು ಹೇಳಿದರೆ, ಆಗ ಕೆಳಗಿನ ಗೆರೆ ಶೇ. 68 ಪಡೆದು, ಶೇ. 66 ಪಡೆದ ನಡುವಿನ ಗೆರೆಯನ್ನು ಅಷ್ಟಿಷ್ಟರಲ್ಲಿ ಹಿಂದೆ ಹಾಕುತ್ತದೆ, ಮೇಲಿನದು ಶೇ. 40ರಲ್ಲೇ ನಿಲ್ಲುತ್ತದೆ.

ಹಾಗಾದರೆ ನೂರು ಎಂಬ ತೂಕ ಸರಿಯೋ, ಹತ್ತು ಸರಿಯೋ, ಐನೂರು ಸರಿಯೋ? ಇದನ್ನು ಸಂಖ್ಯಾಶಾಸ್ತ್ರ ಹೇಳಲಾರದು. ನಡುವಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿದಾಗ ಹೆಚ್ಚಾಗಿ ಸಿಕ್ಕ ರೋಗಿಗಳು 60. ಅವರಿಗಾಗಿ ಹೆಚ್ಚಾಗಿ ಮಾಡಬೇಕಾದ ಕಫ ಪರೀಕ್ಷೆಗಳು 8,036. ಅಂದರೆ ಒಬ್ಬ ರೋಗಿಯನ್ನು ಹೆಚ್ಚಿಗೆ ಹುಡುಕಲು ಸುಮಾರು 134 ಪರೀಕ್ಷೆ. ಈಗ ಪ್ರಶ್ನೆ ಆಡಳಿತದ್ದಾಗುತ್ತದೆ: ತಾಲ್ಲೂಕಿನಲ್ಲಿ ಎಷ್ಟು ಯಂತ್ರಗಳಿವೆ, ಒಂದು ಯಂತ್ರ ದಿನಕ್ಕೆ ಎಷ್ಟು ಕಫ ಪರೀಕ್ಷಿಸುತ್ತದೆ, ಚಿಪ್ಪು ಮತ್ತು ರಾಸಾಯನಿಕಗಳ ದಾಸ್ತಾನು ಎಷ್ಟಿದೆ. ಈ ಎರಡನೇ ಹಂತದ ಪರೀಕ್ಷೆಗೆ ಭಾರತದಲ್ಲಿ ಬಳಸುವ ಟ್ರೂನ್ಯಾಟ್ ಯಂತ್ರದ ತಂತ್ರಜ್ಞಾನ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. ಬ್ಯಾಟರಿಯಿಂದಲೂ ಓಡುವ ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಇಡಬಹುದು. ಅಂಥ ಪರೀಕ್ಷೆ ಹತ್ತಿರದಲ್ಲಿ ಸಿಗುವ ಕಡೆ 134 ಎಂಬುದು ಹೆಚ್ಚೇನಲ್ಲ. ಕಫದ ಡಬ್ಬಿ ಜಿಲ್ಲಾ ಕೇಂದ್ರಕ್ಕೆ ಹೋಗಿ, ಫಲಿತಾಂಶ ಬರುವಷ್ಟರಲ್ಲಿ ರೋಗಿ ಕೂಲಿಗೆ ಬೇರೆ ಊರಿಗೆ ಹೋಗಿಬಿಡುವ ಕಡೆ ಅದೇ 134 ಇಡೀ ವ್ಯವಸ್ಥೆಯನ್ನು ಕಟ್ಟಿಹಾಕುತ್ತದೆ.

ಕೆಳಗಿನ ಗೆರೆಯ ಶೇ. 2.6 ಪ್ರಿಸಿಷನ್ ಕೇಳಿದವರಿಗೆ ಗಾಬರಿಯಾಗಬಹುದು. ನೂರು ಜನರನ್ನು ಕರೆದರೆ 97 ಮಂದಿಗೆ ಏನೂ ಇರುವುದಿಲ್ಲವೆಂದರೆ ಅದೆಂಥ ತಪಾಸಣೆ? ಆದರೆ ಎಕ್ಸ್‌ರೇ ಇಲ್ಲಿ ಕೊನೆಯ ಮಾತು ಹೇಳುತ್ತಿಲ್ಲ. ಮುಂದೆ ಯಾರನ್ನು ನೋಡಬೇಕು ಎಂಬ ಪಟ್ಟಿ ಕೊಡುತ್ತಿದೆ. ಎರಡನೇ ಪರೀಕ್ಷೆ ರೋಗಿಗಳಲ್ಲಿ ಶೇ. 85 ಮಂದಿಯನ್ನು ಗುರುತಿಸಿ, ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ ಎಂದುಕೊಳ್ಳಿ. 270ರಲ್ಲಿ 230 ರೋಗಿಗಳು ಖಚಿತವಾಗುತ್ತಾರೆ, 9,970ರಲ್ಲಿ ಸುಮಾರು 100 ಮಂದಿ ತಪ್ಪಾಗಿ ಉಳಿಯುತ್ತಾರೆ. ಎರಡು ಹಂತ ದಾಟಿದ ಮೇಲೆ ಪ್ರಿಸಿಷನ್ ಶೇ. 2.6ರಿಂದ ಶೇ. 70ಕ್ಕೆ ಏರಿದೆ. ರಿಕಾಲ್ ಮಾತ್ರ 90ರಿಂದ 77ಕ್ಕೆ ಇಳಿದಿದೆ. ಜರಡಿಯ ಮೇಲೆ ಜರಡಿ ಹಿಡಿದರೆ ಆಗುವುದೇ ಹೀಗೆ: ಪ್ರತಿ ಹಂತದಲ್ಲೂ ಕಸ ಕಡಿಮೆಯಾಗುತ್ತದೆ, ಕಾಳೂ ಒಂದಿಷ್ಟು ಹೋಗುತ್ತದೆ, ಹೋದ ಕಾಳು ಮುಂದಿನ ಜರಡಿಯಲ್ಲಿ ತಿರುಗಿ ಸಿಗುವುದಿಲ್ಲ. ಮೊದಲ ಹಂತದಲ್ಲಿ ರಿಕಾಲ್ ಹೆಚ್ಚಿರಬೇಕು, ಕೊನೆಯ ಹಂತದಲ್ಲಿ ಪ್ರಿಸಿಷನ್ ಹೆಚ್ಚಿರಬೇಕು ಎನ್ನುವುದು ಇದೇ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಕ್ಷಯದ ಮೊದಲ ಹಂತದ ಪರೀಕ್ಷೆಗೆ ಕನಿಷ್ಠ ಗುರಿ ನಿಗದಿ ಮಾಡಿದಾಗ ರೋಗಿಗಳಲ್ಲಿ ಶೇ. 90 ಮಂದಿ ಸಿಗಲೇಬೇಕು ಎಂದಿತು. ಆರೋಗ್ಯವಂತರನ್ನು ಸರಿಯಾಗಿ ಬಿಟ್ಟುಕೊಡುವುದರಲ್ಲಿ ಶೇ. 70 ಇದ್ದರೂ ಆದೀತು ಎಂದು ರಿಯಾಯಿತಿ ಕೊಟ್ಟಿತು.

ವೈದ್ಯರು ರಿಕಾಲ್‌ಗೆ ಸೆನ್ಸಿಟಿವಿಟಿ ಎಂದೂ, ಪ್ರಿಸಿಷನ್‌ಗೆ ಪಾಸಿಟಿವ್ ಪ್ರೆಡಿಕ್ಟಿವ್ ವ್ಯಾಲ್ಯೂ ಎಂದೂ ಹೇಳುತ್ತಾರೆ, ಅಳತೆ ಅವೇ. ಅವರು ಸ್ಪೆಸಿಫಿಸಿಟಿ ಎಂಬ ಇನ್ನೊಂದನ್ನೂ ತಪ್ಪದೆ ನೋಡುತ್ತಾರೆ, ಆರೋಗ್ಯವಂತರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಮನೆಗೆ ಕಳಿಸಿದಿರಿ ಎಂದು. ಎಫ್-ಸ್ಕೋರ್‌ನಲ್ಲಿ ಈ ಜನ ಲೆಕ್ಕಕ್ಕೇ ಬರುವುದಿಲ್ಲ. ಗೆರೆ ಕೆಳಗಿದ್ದಾಗ ಸರಿಯಾಗಿ ಮನೆಗೆ ಹೋದ 89,730 ಮಂದಿ ಮೇಲಿನ ಸೂತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಗ್ರಂಥಾಲಯದಲ್ಲಿ ಅದು ಸರಿಯೇ. ಬೇಡದ ಪುಸ್ತಕ ಕಪಾಟಿನಲ್ಲೇ ಉಳಿದರೆ ಅದಕ್ಕೆ ಶ್ರೇಯಸ್ಸು ಬೇಕಿಲ್ಲ. ಮನುಷ್ಯರ ವಿಷಯದಲ್ಲಿ ಬೇಕು.

ಇಲ್ಲೇ ಇನ್ನೊಂದು ಎಚ್ಚರಿಕೆಯೂ ಇದೆ. ರಿಕಾಲ್ ಬಹುಮಟ್ಟಿಗೆ ಪರೀಕ್ಷೆಯ ಗುಣ. ಪ್ರಿಸಿಷನ್ ಹಾಗಲ್ಲ, ಪರೀಕ್ಷೆಗೆ ಬಂದವರು ಯಾರು ಎಂಬುದರ ಮೇಲೆ ಅದು ನಿಂತಿದೆ. ಕೆಳಗಿನ ಗೆರೆ ಎಳೆದ ಅದೇ ಯಂತ್ರವನ್ನು ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮುತ್ತಿರುವವರ ಸಾಲಿನ ಮುಂದೆ ಇಟ್ಟೆವು ಎನ್ನೋಣ. ಅಲ್ಲಿ ಸಾವಿರಕ್ಕೆ 100 ಮಂದಿ ರೋಗಿಗಳಿದ್ದರೆ 90 ಮಂದಿ ಸಿಗುತ್ತಾರೆ, 900 ಆರೋಗ್ಯವಂತರಲ್ಲಿ 90 ಮಂದಿ ತಪ್ಪಾಗಿ ಬರುತ್ತಾರೆ. ಪ್ರಿಸಿಷನ್ ಥಟ್ಟನೆ ಶೇ. 50. ಯಂತ್ರದಲ್ಲಿ ಒಂದು ತಿರುಪೂ ಬದಲಾಗಿಲ್ಲ. ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅಳೆದ ಪ್ರಿಸಿಷನ್ ಅಥವಾ ಎಫ್-ಸ್ಕೋರ್ ತೋರಿಸಿ ಮನೆಮನೆ ತಪಾಸಣೆಗೆ ಯಂತ್ರ ಮಾರಲು ಬಂದರೆ ಆ ಅಂಕಿಗೆ ಅಲ್ಲಿ ಬೆಲೆಯಿಲ್ಲ. ಹಾಗೆಂದು ಕೆಮ್ಮುವವರನ್ನು ಮಾತ್ರ ಪರೀಕ್ಷಿಸಿದರೆ ಸಾಕು ಎನ್ನುವಂತೆಯೂ ಇಲ್ಲ. ಲಕ್ಷಣಗಳನ್ನು ಮಾತ್ರ ನೋಡಿ ಎಕ್ಸ್‌ರೇ ತೆಗೆಯದೆ ಬಿಟ್ಟಿದ್ದರೆ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಮಂದಿ ತಪ್ಪಿಹೋಗುತ್ತಿದ್ದರು.

ಎಲ್ಲ ವೈದ್ಯಕೀಯ ತಪಾಸಣೆಗೂ ರಿಕಾಲ್ ಮುಖ್ಯ ಎಂಬ ಮಾತು ಅರ್ಧ ನಿಜ. ರಕ್ತನಿಧಿಯಲ್ಲಿ ಅದು ಪೂರ್ತಿ ನಿಜ: ದಾನಿಯ ರಕ್ತದಲ್ಲಿ ಎಚ್‌ಐವಿ ಇದೆಯೆಂದು ತಪ್ಪಾಗಿ ಅನುಮಾನ ಬಂದರೆ ಒಂದು ಚೀಲ ರಕ್ತ ಹೋಗುತ್ತದೆ, ಇರುವುದು ತಪ್ಪಿದರೆ ಒಬ್ಬರ ಜೀವಕ್ಕೇ ಕುತ್ತು. ಆದರೆ ಎರಡನೇ ಹಂತದಲ್ಲಿ ಕಫದ ಡಬ್ಬಿಯ ಬದಲು ಸೂಜಿ ಚುಚ್ಚಿ ಅಂಗಾಂಶ ತೆಗೆಯಬೇಕಾದಾಗ, ಹಾಗೆ ಸಿಕ್ಕ ರೋಗವೂ ಬದುಕಿರುವವರೆಗೆ ತೊಂದರೆ ಕೊಡದೆ ಇದ್ದುಬಿಡಬಹುದಾದದ್ದಾದಾಗ, ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಪುರುಷರ ಪ್ರಾಸ್ಟೇಟ್ ಕ್ಯಾನ್ಸರ್ ಹುಡುಕುವ ಪಿಎಸ್‌ಎ ರಕ್ತಪರೀಕ್ಷೆಯನ್ನು ಎಲ್ಲರಿಗೂ ಮಾಡುವುದು ಬೇಡ ಎಂದು ಅಮೆರಿಕದ ತಜ್ಞರ ಕಾರ್ಯಪಡೆ 2012ರಲ್ಲಿ ಹೇಳಿದ್ದು ಇಂಥ ಕಾರಣಕ್ಕೇ. 2018ರಲ್ಲಿ ಅದು ಸ್ವಲ್ಪ ಸಡಿಲಿಸಿ, 55ರಿಂದ 69 ವಯಸ್ಸಿನವರು ವೈದ್ಯರೊಡನೆ ಮಾತಾಡಿ ತಾವೇ ತೀರ್ಮಾನಿಸಲಿ ಎಂದಿತು.

ಸ್ಪ್ಯಾಮ್ ಜಗತ್ತಿನಲ್ಲಿ ತಕ್ಕಡಿ ತಲೆಕೆಳಗು. ಇಲ್ಲಿ ಫಿಲ್ಟರ್ ಹುಡುಕುವುದು ಸ್ಪ್ಯಾಮನ್ನು. ತಪ್ಪಿಹೋದ ಒಂದು ಸ್ಪ್ಯಾಮ್ ಎಂದರೆ ಇನ್‌ಬಾಕ್ಸಿನಲ್ಲಿ ಬಂದು ಕೂತ ಲಾಟರಿ ಆಮಿಷ. ಒಂದು ಬೆರಳು ತಾಕಿಸಿ ಅಳಿಸಿದರೆ ಮುಗಿಯಿತು. ತಪ್ಪಾಗಿ ಸಿಕ್ಕ ಒಳ್ಳೆಯ ಮೇಲ್ ಎಂದರೆ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದ ಸಂದರ್ಶನದ ಕರೆ. ಜಿಮೇಲ್‌ನಲ್ಲಿ ಆ ಫೋಲ್ಡರಿಗೆ ಬಿದ್ದದ್ದು 30 ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಹಾಗಾಗಿ ಇಲ್ಲಿ ಪ್ರಿಸಿಷನ್ ಮೊದಲು.

ಒಬ್ಬರಿಗೆ ಬಂದ ಸಾವಿರ ಮೇಲ್‌ಗಳಲ್ಲಿ 400 ಸ್ಪ್ಯಾಮ್, 600 ಒಳ್ಳೆಯವು ಎನ್ನೋಣ. ಬಿರುಸಾದ ಒಂದು ಫಿಲ್ಟರ್ 390 ಸ್ಪ್ಯಾಮ್ ಹಿಡಿಯುತ್ತದೆ, ಜೊತೆಗೆ 6 ಒಳ್ಳೆಯ ಮೇಲ್‌ಗಳನ್ನೂ ಒಯ್ಯುತ್ತದೆ. ತಾಳ್ಮೆಯ ಇನ್ನೊಂದು 360 ಹಿಡಿದು ಒಂದೇ ಒಂದು ಒಳ್ಳೆಯದನ್ನು ತಪ್ಪಾಗಿ ಒಯ್ಯುತ್ತದೆ. ಎಫ್-ಸ್ಕೋರ್ ಮೊದಲನೆಯದಕ್ಕೆ ಶೇ. 98, ಎರಡನೆಯದಕ್ಕೆ ಶೇ. 94.6 ಕೊಟ್ಟು ಬಿರುಸಿನದನ್ನೇ ಮೆಚ್ಚುತ್ತದೆ. ಬಳಸುವವರನ್ನು ಕೇಳಿದರೆ ಹೆಚ್ಚಿನವರು 30 ಸ್ಪ್ಯಾಮ್ ಕೈಯಾರೆ ಅಳಿಸಲು ಒಪ್ಪಿ, 5 ಒಳ್ಳೆಯ ಮೇಲ್ ಉಳಿಸಿಕೊಳ್ಳುತ್ತಾರೆ.

ಈ ವಿನಿಮಯದ ಬೆಲೆಯನ್ನು ಬಾಯಿಬಿಟ್ಟು ಹೇಳುವ ಕ್ರಮ ಸ್ಪ್ಯಾಮ್ ಸಂಶೋಧನೆಯಲ್ಲಿ ಬಹಳ ಬೇಗ ಬಂತು. ಗ್ರೀಸಿನ ಇಯಾನ್ ಆಂಡ್ರೂಟ್ಸೊಪೊಲಸ್ ಮತ್ತು ಸಂಗಡಿಗರು 2000ದ ಸುಮಾರಿಗೆ ಒಂದು ಒಳ್ಳೆಯ ಮೇಲ್ ಕಳೆದುಹೋಗುವುದು ಎಷ್ಟು ಸ್ಪ್ಯಾಮ್ ಒಳಬರುವುದಕ್ಕೆ ಸಮ ಎಂದು ಮೂರು ಬೆಲೆ ಕಟ್ಟಿದರು. ಫಿಲ್ಟರ್ ಮೇಲ್ ಮೇಲೆ ಸ್ಪ್ಯಾಮ್ ಎಂಬ ಗುರುತು ಮಾತ್ರ ಹಾಕಿದರೆ ಬೆಲೆ 1. ಮತ್ತೆ ಬೇರೆ ವಿಳಾಸಕ್ಕೆ ಕಳಿಸಿ ಎಂದು ಕಳಿಸಿದವರಿಗೇ ಹಿಂದಿರುಗಿಸಿದರೆ 9. ನೇರ ಅಳಿಸಿಯೇ ಬಿಟ್ಟರೆ 999. ಬೆಲೆ ಗೊತ್ತಾದರೆ ಗೆರೆಯೂ ತಾನಾಗಿ ಸಿಗುತ್ತದೆ. ಬೆಲೆ 1 ಆದಾಗ ಸ್ಪ್ಯಾಮ್ ಎಂಬ ಸಂಭವ ಶೇ. 50 ದಾಟಿದರೆ ಸಾಕು, 9 ಆದಾಗ ಶೇ. 90 ದಾಟಬೇಕು, 999 ಆದಾಗ ಶೇ. 99.9 ದಾಟಬೇಕು. ಒಂಬತ್ತರ ಬೆಲೆಯಲ್ಲಿ ನಮ್ಮ ಎರಡು ಫಿಲ್ಟರ್‌ಗಳನ್ನು ತೂಗಿದರೆ ಬಿರುಸಿನದರ ನಷ್ಟ 10 ಮತ್ತು 54 ಕೂಡಿ 64, ತಾಳ್ಮೆಯದರ ನಷ್ಟ 40 ಮತ್ತು 9 ಕೂಡಿ 49. ಬಳಸುವವರ ಮನಸ್ಸಿಗೂ ಈ ಲೆಕ್ಕಕ್ಕೂ ಈಗ ತಾಳೆಯಾಗುತ್ತದೆ. ಬೀಟಾ ಹುಡುಕಿ ಅಲೆಯುವುದಕ್ಕಿಂತ ಎರಡು ತಪ್ಪುಗಳಿಗೂ ಹೀಗೆ ನೇರ ಬೆಲೆ ಕಟ್ಟುವುದು ಎಷ್ಟೋ ಪ್ರಾಮಾಣಿಕ ದಾರಿ.

2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಎಂಬ ಅಮೆರಿಕದ ಪ್ರೋಗ್ರಾಮರ್ ಪ್ರಕಟಿಸಿದ, ಮುಂದೆ ಬಹಳ ಮಂದಿ ಅನುಸರಿಸಿದ ಫಿಲ್ಟರಿನಲ್ಲಿ ಇದೇ ಎಚ್ಚರ ಇನ್ನೊಂದು ವೇಷದಲ್ಲಿದೆ. ಅವರ ಫಿಲ್ಟರ್ ಒಂದೊಂದು ಪದವೂ ಸ್ಪ್ಯಾಮಿನಲ್ಲಿ ಎಷ್ಟು ಸಲ, ಒಳ್ಳೆಯ ಮೇಲ್‌ನಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಿತ್ತು. ಆ ಎಣಿಕೆಯಲ್ಲಿ ಒಳ್ಳೆಯ ಮೇಲ್‌ನ ಸಂಖ್ಯೆಯನ್ನು ಬೇಕೆಂದೇ ಎರಡರಿಂದ ಗುಣಿಸಿ, ಸಂಶಯ ಬಂದಾಗ ಮೇಲ್ ಇನ್‌ಬಾಕ್ಸಿನ ಕಡೆಗೇ ವಾಲುವಂತೆ ಮಾಡಿದ್ದರು.

ಈ ಎರಡು ಕ್ಷೇತ್ರಗಳಲ್ಲಿ ಇನ್ನೊಂದು ವಿಚಿತ್ರ ಸಾಮ್ಯವಿದೆ: ಯಾವ ತಪ್ಪು ಹೆಚ್ಚು ದುಬಾರಿಯೋ ಅದೇ ಕಣ್ಣಿಗೆ ಬೀಳುವುದಿಲ್ಲ. ಇನ್‌ಬಾಕ್ಸಿಗೆ ನುಸುಳಿದ ಸ್ಪ್ಯಾಮ್ ಎದುರಿಗೇ ಕಾಣುತ್ತದೆ, ಜನ ಬೈದು ದೂರು ಕೊಡುತ್ತಾರೆ. ಸ್ಪ್ಯಾಮ್ ಫೋಲ್ಡರನ್ನು ತೆರೆದು ನೋಡುವವರು ಕಡಿಮೆ, ಆದ್ದರಿಂದ ಅಲ್ಲಿ ಹೂತುಹೋದ ಒಳ್ಳೆಯ ಮೇಲ್ ಬಗ್ಗೆ ದೂರೇ ಬರುವುದಿಲ್ಲ. ದೂರುಗಳನ್ನಷ್ಟೇ ನೋಡಿ ಫಿಲ್ಟರ್ ತಿದ್ದುತ್ತ ಹೋದರೆ ಅದು ದಿನೇ ದಿನೇ ಬಿರುಸಾಗುತ್ತ ಹೋಗುತ್ತದೆ. ಕ್ಷಯದಲ್ಲಿ ತಪ್ಪಾಗಿ ಸಿಕ್ಕವರು ಕಫ ಪರೀಕ್ಷೆಯಲ್ಲಿ ಹೊರಬರುತ್ತಾರೆ, ಲೆಕ್ಕಕ್ಕೂ ಸಿಗುತ್ತಾರೆ. ಗೆರೆಯ ಕೆಳಗೆ ಉಳಿದ ರೋಗಿ ‘ಏನೂ ಇಲ್ಲ’ ಎಂದು ಹೇಳಿಸಿಕೊಂಡು ಮನೆಗೆ ಹೋಗಿರುತ್ತಾನೆ. ಅವನನ್ನು ಯಾರೂ ಎಣಿಸಿಲ್ಲ. ಹೀಗಾಗಿ ಶಿಬಿರದ ದಾಖಲೆಯಿಂದ ಪ್ರಿಸಿಷನ್ ಲೆಕ್ಕಹಾಕಬಹುದು, ರಿಕಾಲ್ ಹಾಕಲಾಗದು. ರಿಕಾಲ್ ಇಷ್ಟು ಎಂದು ಯಾರಾದರೂ ಹೇಳಿದರೆ ‘ಇಲ್ಲ’ ಎಂದು ಬಂದವರನ್ನೂ ಪರೀಕ್ಷಿಸಿದಿರಾ ಎಂದು ಕೇಳಬೇಕು.

ಅದನ್ನು ಮಾಡುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ತಾಲ್ಲೂಕಿನ ಲೆಕ್ಕವೇ ಸಾಕು. ಕೆಳಗಿನ ಗೆರೆಯಲ್ಲಿ ಮನೆಗೆ ಕಳಿಸಿದವರು 89,760. ಅವರಲ್ಲಿ ಅಡಗಿರುವ ರೋಗಿಗಳು 30, ಅಂದರೆ ಸುಮಾರು ಮೂರು ಸಾವಿರಕ್ಕೆ ಒಬ್ಬರು. ಅವರಲ್ಲಿ ಸಾವಿರ ಮಂದಿಯನ್ನು ಚೀಟಿ ಎತ್ತಿ ಕಫ ಪರೀಕ್ಷೆ ಮಾಡಿಸಿದರೂ ಬಹುಶಃ ಒಬ್ಬ ರೋಗಿಯೂ ಸಿಗುವುದಿಲ್ಲ. ‘ಸಾವಿರದಲ್ಲಿ ಒಬ್ಬರೂ ಇಲ್ಲ, ನಮ್ಮ ರಿಕಾಲ್ ನೂರಕ್ಕೆ ನೂರು’ ಎಂದು ವರದಿ ಬರೆಯುವ ಆಸೆ ಇಲ್ಲಿ ಸಹಜ. ರಿಕಾಲ್ ಶೇ. 50 ಇದ್ದಿದ್ದರೆ ಗೆರೆಯ ಕೆಳಗೆ 150 ರೋಗಿಗಳು ಇರುತ್ತಿದ್ದರು. ಆಗಲೂ ಅದೇ ಸಾವಿರದಲ್ಲಿ ಸಿಗುತ್ತಿದ್ದವರು ಒಬ್ಬರೋ ಇಬ್ಬರೋ. ಅಷ್ಟು ಚಿಕ್ಕ ಮಾದರಿಯಿಂದ ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಆದ್ದರಿಂದ ಬಲ್ಲವರು ಚೀಟಿಯನ್ನು ಸಮವಾಗಿ ಎತ್ತುವುದಿಲ್ಲ. ಗೆರೆಗೆ ಸ್ವಲ್ಪವೇ ಕೆಳಗೆ ನಿಂತ ಅಂಕದವರಿಂದ ಹೆಚ್ಚು ಜನರನ್ನೂ ಸೊನ್ನೆಯ ಹತ್ತಿರ ಇರುವವರಿಂದ ಕೆಲವರನ್ನೂ ಆರಿಸಿ ಪರೀಕ್ಷಿಸುತ್ತಾರೆ. ಆಮೇಲೆ ಪ್ರತಿ ಗುಂಪಿನಲ್ಲಿ ಒಟ್ಟು ಎಷ್ಟು ಜನ ಇದ್ದರು ಎಂಬುದಕ್ಕೆ ತಕ್ಕಂತೆ ಸಿಕ್ಕವರನ್ನು ಗುಣಿಸಿ, ತಪ್ಪಿಹೋದವರ ಅಂದಾಜು ಕಟ್ಟುತ್ತಾರೆ. ಇಮೇಲ್ ಫಿಲ್ಟರಿನ ಪರಿಶೀಲನೆಯಲ್ಲೂ ಕ್ರಮ ಇದೇ, ದಿಕ್ಕು ಮಾತ್ರ ಬೇರೆ: ಅಲ್ಲಿ ಹೆಚ್ಚಾಗಿ ತೆರೆದು ನೋಡಬೇಕಾದದ್ದು ಗೆರೆಯನ್ನು ಈಗಷ್ಟೇ ದಾಟಿ ಸ್ಪ್ಯಾಮ್ ಫೋಲ್ಡರಿಗೆ ಬಿದ್ದ ಮೇಲ್‌ಗಳನ್ನು.